ನಿಮಗಿದು ಗೊತ್ತೆ? ತೆರಿಗೆ ರಜೆ ಮತ್ತು ಪುಣೆಯ ಐಟಿ ಕಟ್ಟಡಗಳು

ಪುಣೆಯ ಹಿಂಜವಡಿ, ಖರಾಡಿಗಳಲ್ಲಿ ಒಂದೇ ರಸ್ತೆಯ ಎರಡು ಐಟಿ ಕಟ್ಟಡಗಳಿಗೆ ಬೇರೆ ಬೇರೆ ತೆರಿಗೆ ನಿಯಮ ಇರಬಹುದಿತ್ತು. ಸಾಫ್ಟ್‌ವೇರ್ ಪಾರ್ಕ್‌ಗಳ ತೆರಿಗೆ ರಜೆ 2011ರ ಮಾರ್ಚ್‌ಗೆ ಮುಗಿಯಿತು. ಆದರೆ 2005ರ ಕಾಯ್ದೆಯಡಿ ಬಂದ ವಿಶೇಷ ಆರ್ಥಿಕ ವಲಯದ ಹೊಸ ಘಟಕಕ್ಕೆ ಮೊದಲ ಐದು ವರ್ಷ ರಫ್ತು ಲಾಭದ ಮೇಲೆ ಪೂರ್ಣ, ಮುಂದಿನ ಐದು ವರ್ಷ ಅರ್ಧ ವಿನಾಯಿತಿ ಸಿಗುತ್ತಿತ್ತು. ಹಾಗಾಗಿ ಹೊಸ ಕೆಲಸವನ್ನು ವಲಯದೊಳಗಿನ ಕಟ್ಟಡಕ್ಕೆ ಒಯ್ಯುವುದೇ ಲಾಭಕರವಾಯಿತು. ಹಳೆಯ ಘಟಕವನ್ನೇ ಒಡೆದು ‘ಹೊಸದು’ ಎನ್ನುವಂತಿರಲಿಲ್ಲ, ನಿಜ. ಆದರೂ ಹೊಸ ಘಟಕದ ತಾಂತ್ರಿಕ ಸಿಬ್ಬಂದಿಯಲ್ಲಿ ಅರ್ಧದಷ್ಟು ಮಂದಿ ಹಳೆಯ ಘಟಕದಿಂದ ಬಂದವರಾಗಿರಬಹುದು ಎಂದು 2014ರಲ್ಲಿ ತೆರಿಗೆ ಇಲಾಖೆಯೇ ಒಪ್ಪಿತು.

ವಲಯಗಳಿಂದ ಉದ್ಯೋಗ, ರಫ್ತು ಹೆಚ್ಚಿತಲ್ಲವೆ ಎಂಬ ಆಕ್ಷೇಪ ಸಹಜ. ಹೆಚ್ಚಿದ್ದು ಹೌದು. ಆದರೆ ಅರ್ಥಶಾಸ್ತ್ರಜ್ಞರು ಎಣಿಸುವುದು, ರಿಯಾಯಿತಿ ಇಲ್ಲದಿದ್ದರೆ ಬಾರದೇ ಹೋಗುತ್ತಿದ್ದ ಉದ್ಯೋಗವನ್ನು ಮಾತ್ರ. ಹೇಗೂ ಬೆಳೆಯುತ್ತಿದ್ದ ಕಂಪನಿಗೆ ಬಿಟ್ಟುಕೊಟ್ಟ ತೆರಿಗೆ ಬರೀ ನಷ್ಟ. 2006-07ರಿಂದ 2012-13ರವರೆಗೆ ದೇಶದ ವಲಯಗಳಿಗೆ ಸುಮಾರು 83,000 ಕೋಟಿ ರೂಪಾಯಿ ರಿಯಾಯಿತಿ ಸಂದಿತ್ತೆಂದು ಸಿಎಜಿ 2014ರಲ್ಲಿ ಲೆಕ್ಕ ಕೊಟ್ಟಿತು. ಹೊಸ ಘಟಕಗಳಿಗೆ ಈ ರಜೆ 2020ರಲ್ಲಿ ನಿಂತ ಮೇಲೆ ಇಂಥ ಕಟ್ಟಡಗಳಲ್ಲಿ ಜಾಗ ಖಾಲಿ ಬಿತ್ತು. 2023ರ ಡಿಸೆಂಬರ್‌ನಲ್ಲಿ ಸರ್ಕಾರ, ಐಟಿ ವಲಯದ ಕಟ್ಟಡದ ಇಡೀ ಮಹಡಿಗಳನ್ನು ಸಾಮಾನ್ಯ ಕಚೇರಿಗಳಿಗೆ ಬಿಡಲು ಅವಕಾಶ ಕೊಡಬೇಕಾಯಿತು. ಆದ್ದರಿಂದ ರಿಯಾಯಿತಿಯ ಯಶಸ್ಸನ್ನು ತುಂಬಿದ ಕಟ್ಟಡಗಳಿಂದ ಅಳೆಯಲಾಗದು. ಕೆಲಸ ಎಲ್ಲಿಂದ ಬಂತೆಂದು ಮೊದಲು ಕೇಳಬೇಕು.