ಒಂದು ಗಂಟೆಯ ವಿಡಿಯೊಗೆ ಎಷ್ಟು ಎಂಬಿ ಬೇಕು?

ಡೌನ್‌ಲೋಡ್ ಒತ್ತಿದರೆ ಫೋನ್ ಕೇಳುತ್ತದೆ: 360p ಬೇಕೋ, 480p ಬೇಕೋ, 720p ಬೇಕೋ? ಯಾವುದಕ್ಕೆ ಎಷ್ಟು ಡೇಟಾ ಹೋಗುತ್ತದೆ ಎಂದು ಎಷ್ಟೋ ಆ್ಯಪ್‌ಗಳು ಬಾಯಿ ಬಿಡುವುದಿಲ್ಲ. 360p ಎಂಬುದು ಚಿತ್ರದಲ್ಲಿ ಮೇಲಿನಿಂದ ಕೆಳಕ್ಕೆ 360 ಸಾಲು ಚುಕ್ಕಿಗಳಿವೆ ಎಂದಷ್ಟೇ ಹೇಳುತ್ತದೆ. ನಮ್ಮ ಪ್ಯಾಕ್ ಕರಗುವ ಲೆಕ್ಕ ಇರುವುದು ಬಿಟ್‌ರೇಟ್‌ನಲ್ಲಿ, ಅಂದರೆ ವಿಡಿಯೊದ ಪ್ರತಿ ಸೆಕೆಂಡಿಗೆ ಎಷ್ಟು ಬಿಟ್ ಬಳಸಿದ್ದಾರೆ ಎಂಬುದರಲ್ಲಿ.

ಇದಕ್ಕೆ ನೆನಪಿಡಬೇಕಾದ ಸಂಖ್ಯೆ ಒಂದೇ, 450. ಸೆಕೆಂಡಿಗೆ ಒಂದು ಮೆಗಾಬಿಟ್, ಅಂದರೆ 1 ಎಂಬಿಪಿಎಸ್‌ನಂತೆ ವಿಡಿಯೊ ಬಂದರೆ ಗಂಟೆಗೆ 3,600 ಮೆಗಾಬಿಟ್ ಆಯಿತು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ 450 ಎಂಬಿ. ಬಿಟ್‌ರೇಟ್ ಎಷ್ಟೇ ಇರಲಿ, 450ರಿಂದ ಗುಣಿಸಿದರೆ ಒಂದು ಗಂಟೆಯ ಖರ್ಚು ಸಿಗುತ್ತದೆ.

ಯೂಟ್ಯೂಬ್‌ನಂಥ ಕಡೆ 360pಗೆ ಸುಮಾರು ಅರ್ಧ ಎಂಬಿಪಿಎಸ್, 480pಗೆ ಒಂದು, 720pಗೆ ಎರಡು, 1080pಗೆ ಮೂರೂವರೆ ಎಂದು ಇಟ್ಟುಕೊಂಡರೆ ಅಂದಾಜಿಗೆ ಸಾಕು. ಇದು ಬರೀ ಚಿತ್ರದ ಲೆಕ್ಕ. ಧ್ವನಿಗೆ ಸಾಮಾನ್ಯವಾಗಿ 128 ಕೆಬಿಪಿಎಸ್, ಅಂದರೆ ಗಂಟೆಗೆ 58 ಎಂಬಿ ಬೇರೆ. ಎರಡನ್ನೂ ಕೂಡಿಸಿದರೆ 360pಗೆ ಗಂಟೆಗೆ ಸುಮಾರು 280 ಎಂಬಿ, 480pಗೆ 510, 720pಗೆ 960, 1080pಗೆ 1.6 ಜಿಬಿಯ ಆಸುಪಾಸು. 144pಗೆ ಇಳಿದರೆ ಗಂಟೆಗೆ ನೂರು ಎಂಬಿಯಷ್ಟು ಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಧ್ವನಿಯದೇ! ಚಿತ್ರವನ್ನು ಅದಕ್ಕಿಂತ ಹಾಳುಮಾಡಿಕೊಂಡರೂ ಉಳಿತಾಯ ಅಷ್ಟಕ್ಕಷ್ಟೆ.

ಈ ಅಂಕಿಗಳು ವಿಡಿಯೊದಿಂದ ವಿಡಿಯೊಗೆ ಹೆಚ್ಚು ಕಡಿಮೆ ಆಗುತ್ತವೆ. ವಿಡಿಯೊವನ್ನು ಕುಗ್ಗಿಸುವಾಗ ಹಿಂದಿನ ಚಿತ್ರಕ್ಕಿಂತ ಬದಲಾದದ್ದನ್ನೇ ಹೆಚ್ಚಾಗಿ ದಾಖಲಿಸುತ್ತಾರೆ. ಕಪ್ಪುಹಲಗೆಯ ಮುಂದೆ ಮೇಷ್ಟ್ರು ನಿಂತು ಗಣಿತ ಹೇಳಿಕೊಡುವ ಪಾಠದಲ್ಲಿ ಬದಲಾಗುವುದು ಅವರ ಕೈ ಮತ್ತು ಮುಖ ಮಾತ್ರ. ಯಕ್ಷಗಾನದಲ್ಲಿ ವೇಷಧಾರಿ ಧಿಗಿಣ ಹಾಕುತ್ತಿದ್ದರೆ ಕಿರೀಟ, ಅಂಚು, ನೆರಳು ಎಲ್ಲವೂ ಕ್ಷಣಕ್ಷಣಕ್ಕೂ ಜಾಗ ಬದಲಿಸುತ್ತವೆ. ಎರಡೂ 480p ಆಗಿದ್ದರೂ ಪಾಠ ಅರ್ಧ ಡೇಟಾದಲ್ಲಿ ಮುಗಿದುಹೋಗಬಹುದು. ಕುಗ್ಗಿಸುವ ವಿಧಾನವೂ ಲೆಕ್ಕಕ್ಕೆ ಬರುತ್ತದೆ. ಹೊಸ ಫೋನ್‌ಗಳು VP9, AV1 ವಿಧಾನದ ವಿಡಿಯೊ ತರಿಸಿಕೊಳ್ಳುತ್ತವೆ. ಅದು ಆಗದ ಹಳೆಯ ಫೋನ್ H.264ಕ್ಕೇ ಅಂಟಿಕೊಂಡು ಅದೇ ಗುಣಮಟ್ಟಕ್ಕೆ ಹೆಚ್ಚು ಡೇಟಾ ಎಳೆಯುತ್ತದೆ. ಇನ್ನು 720p60 ಎಂದು ಕಂಡರೆ ಸೆಕೆಂಡಿಗೆ 30ರ ಬದಲು 60 ಚಿತ್ರಗಳಿವೆ ಎಂದು ಅರ್ಥ, ಅಂದಾಜನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ.

ಒಂದು ಲೆಕ್ಕ ಮಾಡಿಯೇ ನೋಡೋಣ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್, ಸಂಜೆಗೆ 900 ಎಂಬಿ ಉಳಿದಿದೆ. ರಾತ್ರಿ ಬಸ್ಸಿನಲ್ಲಿ ನೋಡಲು ಎರಡೂವರೆ ಗಂಟೆಯ ಪ್ರಸಂಗವೊಂದನ್ನು ಇಳಿಸಿಕೊಳ್ಳಬೇಕು. 480p ಆದರೆ 510ನ್ನು ಎರಡೂವರೆಯಿಂದ ಗುಣಿಸಿ, 1,275 ಎಂಬಿ. ಆಗದ ಮಾತು. 360pಗೆ 700 ಎಂಬಿ, ಯಕ್ಷಗಾನವಾದ್ದರಿಂದ ಹತ್ತಿಪ್ಪತ್ತು ಶೇಕಡಾ ಸೇರಿಸಿದರೂ 840ರೊಳಗೆ. ಆಗುತ್ತದೆ, ಆದರೆ ಕೂದಲೆಳೆಯಲ್ಲಿ.

ಇಂಥ ಕಡೆ ಅಂದಾಜನ್ನೇ ನಂಬಿ ಕೂರುವ ಬದಲು ಒಮ್ಮೆ ಅಳೆಯುವುದು ಲೇಸು. ಅದೇ ಚಾನೆಲ್‌ನ ಐದು ನಿಮಿಷದ ತುಣುಕೊಂದನ್ನು ಆರಿಸಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್ ಇಲ್ಲಿಯವರೆಗೆ ಎಷ್ಟು ಮೊಬೈಲ್ ಡೇಟಾ ಬಳಸಿದೆ ಎಂದು ನೋಡಿಕೊಳ್ಳಿ, ತುಣುಕನ್ನು 360pಯಲ್ಲಿ ಇಳಿಸಿಕೊಂಡು ಮತ್ತೆ ನೋಡಿ. ವ್ಯತ್ಯಾಸ 27 ಎಂಬಿ ಬಂತು ಎನ್ನಿ. ಹನ್ನೆರಡರಿಂದ ಗುಣಿಸಿದರೆ ಗಂಟೆಗೆ 324, ಪೂರ್ತಿ ಪ್ರಸಂಗಕ್ಕೆ 810. ನೇರವಾಗಿ ನೋಡುತ್ತಾ ಅಳೆದರೆ ಲೆಕ್ಕ ಕೆಡುತ್ತದೆ: ನಡುವೆ ಬರುವ ಜಾಹೀರಾತೂ ಡೇಟಾ ತಿನ್ನುತ್ತದೆ, ನೀವು ನೋಡದ ಮುಂದಿನ ಭಾಗವೂ ಸ್ವಲ್ಪ ಬಂದು ಕೂತಿರುತ್ತದೆ, ಗುಣಮಟ್ಟ Auto ಆಗಿದ್ದರೆ ಸಿಗ್ನಲ್ ಚೆನ್ನಾಗಿದ್ದಾಗ ಹೇಳದೆ ಕೇಳದೆ 720pಗೆ ಏರಿರುತ್ತದೆ.

ಡೇಟಾ ಮುಗಿದ ಮೇಲೆ ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. 450ರ ಸೂತ್ರದಲ್ಲೇ ನೋಡಿದರೆ ಗಂಟೆಗೆ 29 ಎಂಬಿ. 58 ಎಂಬಿಯ ಧ್ವನಿಯೊಂದೇ ಬರಲು ಎರಡು ಗಂಟೆ ಬೇಕು. ಉಳಿದ ಪ್ರಸಂಗವನ್ನು ಆ ವೇಗದಲ್ಲಿ ಇಳಿಸುವ ಆಸೆ ಬಿಟ್ಟು, ಮಧ್ಯರಾತ್ರಿ ಹೊಸ ದಿನದ ಡೇಟಾ ಬರುವವರೆಗೆ ಡೌನ್‌ಲೋಡ್ ನಿಲ್ಲಿಸಿಡುವುದೇ ಸರಿ.