ಅಧ್ಯಕ್ಷೆ ತೋರಿಸಿದ ತಪ್ಪು ಫೋಟೊ

ಕಾಲೇಜು ಕಾರ್ಯಕ್ರಮಗಳಲ್ಲಿ ಸ್ವಾಗತ ಭಾಷಣ ಶುರುವಾಯಿತೆಂದರೆ ಹಿಂದಿನ ಸಾಲಿನವರು ಮೊಬೈಲ್ ಹೊರಗೆ ತೆಗೆಯುತ್ತಾರೆ. ವೇದಿಕೆಯ ಮೇಲಿರುವವರ ಹೆಸರು, ಪದವಿ, ಹೂಗುಚ್ಛ, ಚಪ್ಪಾಳೆ, ಮತ್ತೆ ಹೆಸರು. ಜನವರಿಯ ಒಂದು ಶನಿವಾರ ಮೈಸೂರಿನ ಕಾಲೇಜೊಂದರ ಫೋಟೊಗ್ರಫಿ ಕ್ಲಬ್ ಚಿತ್ರ ಜೋಡಣೆಯ ಕಾರ್ಯಾಗಾರ ಇಟ್ಟುಕೊಂಡಿತ್ತು. ಬೇರೆಬೇರೆ ಕಡೆ ತೆಗೆದ ಚಿತ್ರಗಳ ಭಾಗಗಳನ್ನು ಕೂಡಿಸಿ ಒಂದೇ ದೃಶ್ಯ ಕಟ್ಟುವ ಈ ಕೆಲಸಕ್ಕೆ ಫೋಟೊದವರು ಕಾಂಪೋಸಿಟ್ ಎನ್ನುತ್ತಾರೆ. ಕ್ಲಬ್ಬಿನ ಅಧ್ಯಕ್ಷೆ ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿನಿ. ಪ್ರಾಂಶುಪಾಲರಿಗೂ ಬಂದ ಅತಿಥಿಗೂ ಎರಡೇ ನಿಮಿಷದಲ್ಲಿ ಸ್ವಾಗತ ಹೇಳಿ ಮುಗಿಸಿದ ಆಕೆ, ಪರದೆಯ ಮೇಲೆ ಒಂದು ಫೋಟೊ ಹಾಕಿ, ‘ಇದು ನಾನು ಮಾಡಿದ್ದು. ಹಾಳಾಗಿದೆ. ಎಲ್ಲಿ ಹಾಳಾಗಿದೆ ಅಂತ ನೀವೇ ಹೇಳಿ’ ಅಂದಳು.

ಮೊಬೈಲ್‌ಗಳು ಕೆಳಗಿಳಿದವು.

ಚಿತ್ರದಲ್ಲಿ ಕುಕ್ಕರಹಳ್ಳಿ ಕೆರೆಯ ಏರಿ. ಸಂಜೆಯ ಸೂರ್ಯ ಎಡಗಡೆ, ನೀರಿನ ಮೇಲೆ ಕೇಸರಿ ಬಣ್ಣ, ಏರಿಯ ದಾರಿಯಲ್ಲಿ ಹಸಿರು ಸೀರೆಯ ಹುಡುಗಿ. ಕೆರೆಯನ್ನು ಅಧ್ಯಕ್ಷೆ ಒಂದು ಸಂಜೆ ಮೊಬೈಲಿನಲ್ಲಿ ತೆಗೆದಿದ್ದಳು. ಹುಡುಗಿ ಅವಳ ಗೆಳತಿ; ಅವಳ ಫೋಟೊ ಏಪ್ರಿಲ್ ತಿಂಗಳ ಮಧ್ಯಾಹ್ನ ಕಾಲೇಜಿನ ಅಂಗಳದಲ್ಲಿ ತೆಗೆದದ್ದು. ಸೀರೆಯ ಅಂಚನ್ನು, ಗಾಳಿಗೆ ಎದ್ದ ಕೂದಲನ್ನು ಮೂರು ರಾತ್ರಿ ಕೂತು ಬಿಡಿಸಿದ್ದಾಳೆ. ಬಿಡಿಸಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಹುಡುಗಿ ಏರಿಯ ಮೇಲೆ ನಿಂತ ಹಾಗೆ ಕಾಣುವುದಿಲ್ಲ. ಯಾರೋ ತಂದು ಅಂಟಿಸಿದ ಹಾಗೆ ಕಾಣುತ್ತಾಳೆ. ಮುಂದಿನ ಸಾಲಿನಿಂದ ಒಬ್ಬ, ‘ಅಕ್ಕಾ, ಮದುವೆ ಆಲ್ಬಮ್ ಥರ ಇದೆ’ ಅಂದ. ಸಭೆ ನಕ್ಕಿತು. ಚಂದ್ರನೊಳಗೆ ಮದುಮಗಳ ಮುಖ, ಗುಲಾಬಿ ಹೂವಿನೊಳಗೆ ಮದುಮಗ ಕೂತಿರುವ ಆಲ್ಬಮ್ ನಮ್ಮ ಯಾರ ಮನೆಯಲ್ಲಿಲ್ಲ?

‘ಮದುವೆ ಆಲ್ಬಮ್‌ನಲ್ಲಿ ಅದು ಅಂಟಿಸಿದ್ದು ಅಂತ ಎಲ್ಲರಿಗೂ ಗೊತ್ತು, ಯಾರೂ ಮೋಸ ಹೋಗಲ್ಲ. ನಾನು ನಿಜ ಅನ್ನಿಸೋಕೆ ಹೊರಟಿದ್ದೆ, ಅದಕ್ಕೇ ಸಿಕ್ಕಿಬಿದ್ದೆ’ ಎಂದು ಆಕೆ ಮುಂದುವರಿಸಿದಳು.

ಮೊದಲ ತಪ್ಪು ಕ್ಯಾಮೆರಾ ಇದ್ದ ಎತ್ತರದ್ದು. ಏರಿಯ ಮೇಲೆ ನಿಂತು ಕಣ್ಣಿನ ಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರದಿಂದ ಕೆರೆಯನ್ನು ತೆಗೆದಿದ್ದಳು. ಗೆಳತಿಯನ್ನು ತೆಗೆಯುವಾಗ, ಎತ್ತರವಾಗಿ ಕಾಣಲಿ ಎಂದು ಕುಕ್ಕರಗಾಲಲ್ಲಿ ಕೂತಿದ್ದಳು. ಆಗ ಲೆನ್ಸ್ ಇದ್ದದ್ದು 60 ಸೆಂ.ಮೀ. ಎತ್ತರದಲ್ಲಿ. ಸಮತಟ್ಟಾದ ನೆಲದ ಮೇಲೆ ತೆಗೆದ ಯಾವ ಫೋಟೊದಲ್ಲೇ ಆಗಲಿ, ದಿಗಂತದ ಗೆರೆ ಅಲ್ಲಿ ನಿಂತ ಪ್ರತಿಯೊಬ್ಬರನ್ನೂ ಕ್ಯಾಮೆರಾ ಇದ್ದ ಎತ್ತರದಲ್ಲೇ ಹಾಯುತ್ತದೆ. ಹತ್ತಿರ ನಿಂತವರಿಗೂ ಅಷ್ಟೇ, ದೂರ ನಿಂತವರಿಗೂ ಅಷ್ಟೇ. ಗೆಳತಿಯ ಎತ್ತರ 162 ಸೆಂ.ಮೀ. ಕೆರೆಯ ಚಿತ್ರದ ಪ್ರಕಾರ ಆ ಗೆರೆ ಅವಳ ಕಣ್ಣಿನ ಮೇಲೆ ಹಾಯಬೇಕು. ಅವಳನ್ನು ತೆಗೆದ ಚಿತ್ರದ ಪ್ರಕಾರ ತೊಡೆಯ ಮೇಲೆ ಹಾಯಬೇಕು. ಎರಡನ್ನೂ ಒಟ್ಟಿಗೆ ಒಪ್ಪಿಸಲು ಯಾವ ಸಾಫ್ಟ್‌ವೇರಿಗೂ ಆಗದು. ಅಳತೆ ಸರಿಮಾಡಿ ನಿಲ್ಲಿಸಿದರೂ ಅವಳ ಗಲ್ಲದ ಕೆಳಭಾಗ ಕಾಣುತ್ತದೆ, ಪಾದಗಳು ಮಾತ್ರ ಪಕ್ಕದಿಂದ ನೋಡಿದಂತೆ ಚಪ್ಪಟೆ. ಏರಿಯ ದಾರಿಯನ್ನು ಮೇಲಿನಿಂದ ನೋಡುತ್ತಿರುವ ಕಣ್ಣಿಗೆ ಪಾದಗಳನ್ನು ನೆಲಮಟ್ಟದಿಂದ ನೋಡು ಎಂದರೆ ಹೇಗೆ? ‘ತೇಲ್ತಾ ಇದ್ದಾಳೆ’ ಎಂದು ಹಲವರು ಹೇಳಿದ್ದರ ಕಾರಣ ಇದು.

ದಿಗಂತ ಕಾಣದ ಚಿತ್ರದಲ್ಲಿ ಅದನ್ನು ಪತ್ತೆಮಾಡುವ ಉಪಾಯವನ್ನೂ ಆಕೆ ಪರದೆಯ ಮೇಲೇ ತೋರಿಸಿದಳು. ಏರಿಯ ದಾರಿ ನೇರವಾಗಿರುವ ಕಡೆ ಅದರ ಎರಡು ಅಂಚುಗಳ ಮೇಲೆ ಎರಡು ಗೆರೆ ಎಳೆದಳು. ಅವು ದೂರದಲ್ಲಿ ಒಂದು ಬಿಂದುವಿನಲ್ಲಿ ಕೂಡಿದವು. ಆ ಬಿಂದುವಿನ ಮೂಲಕ ಅಡ್ಡಗೆರೆ ಎಳೆದರೆ ಅದೇ ಕ್ಯಾಮೆರಾದ ಕಣ್ಣಿನ ಮಟ್ಟ. ಕೆರೆಯ ಆಚೆ ದಡವನ್ನೇ ದಿಗಂತವೆಂದು ಆಕೆ ಮೊದಲು ತಿಳಿದಿದ್ದಳು. ಆದರೆ ನೀರು ಏರಿಗಿಂತ ಕೆಳಗಿದೆ, ನಿಜವಾದ ಗೆರೆ ದಡಕ್ಕಿಂತ ಸ್ವಲ್ಪ ಮೇಲೆ ಬಂತು.

ಎರಡನೆಯ ತಪ್ಪು ಬೆಳಕಿನದು. ಮೈಸೂರಿನಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ಬಹುತೇಕ ನೆತ್ತಿಯ ಮೇಲೇ ಇರುತ್ತಾನೆ. ಶೂನ್ಯ ನೆರಳಿನ ದಿನವೆಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಆ ದಿನಗಳು. ಆ ಬಿಸಿಲಲ್ಲಿ ನಿಂತವರ ನೆರಳು ಕಾಲ ಬುಡದಲ್ಲೇ ಮುದುಡಿರುತ್ತದೆ. ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಅದೇ ಮುಖವನ್ನು ತಂದು ಸೂರ್ಯ ಎಡಹಿಂದೆ ಇರುವ ಸಂಜೆಯಲ್ಲಿ ನಿಲ್ಲಿಸಲಾಗಿದೆ. ಹಾಗಿದ್ದರೆ ಎಡ ಕೆನ್ನೆಯ, ಎಡ ಭುಜದ ಅಂಚಿಗೆ ಬೆಳಕಿನ ಗೆರೆ ಇರಬೇಕಿತ್ತು, ಮುಖ ಮಬ್ಬಾಗಿರಬೇಕಿತ್ತು. ಬಣ್ಣವನ್ನು ಬೆಚ್ಚಗೆ ಮಾಡಿದ ಮಾತ್ರಕ್ಕೆ ಮೂಗಿನ ನೆರಳು ಜಾಗ ಬದಲಿಸುವುದಿಲ್ಲ. ಹೊಸಬರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ: ಬಣ್ಣ ಹೊಂದಿಸಿದರೆ ಬೆಳಕು ಹೊಂದಿತು ಎಂದುಕೊಳ್ಳುತ್ತಾರೆ.

ಇನ್ನು ಆಕೆ ಕೈಯಾರೆ ಬರೆದ ನೆರಳು. ಕಾಲಿನಿಂದ ಬಲಕ್ಕೆ ಒಂದು ಮೀಟರ್ ಉದ್ದದ ಕಪ್ಪು ಮಚ್ಚೆ. ಕೆರೆಯ ಚಿತ್ರ ತೆಗೆದಾಗ ಸೂರ್ಯ ದಿಗಂತದಿಂದ ಸುಮಾರು 10 ಡಿಗ್ರಿ ಮೇಲಿದ್ದ. ಅಷ್ಟು ಕೆಳಗಿನ ಸೂರ್ಯನಿಗೆ ನೆರಳು ಎತ್ತರದ ಐದೂಮುಕ್ಕಾಲು ಪಟ್ಟು ಉದ್ದವಾಗುತ್ತದೆ. ಗೆಳತಿಯ ನೆರಳು ಒಂಬತ್ತು ಮೀಟರ್ ದಾಟಬೇಕು. ಕ್ಯಾಮೆರಾ ಇದ್ದದ್ದು ನಾಲ್ಕು ಮೀಟರ್ ದೂರದಲ್ಲಿ. ಅಂದಮೇಲೆ ಮುಂದಕ್ಕೆ ಬೀಳುವ ಆ ನೆರಳಿನ ತಲೆ ಚೌಕಟ್ಟಿನೊಳಗೆ ಕಾಣಲೇಬಾರದು, ಕೆಳಗಿನ ಅಂಚಿನಿಂದ ಹೊರಗೆ ಹೋಗಿರಬೇಕು.

ನೆರಳಿನ ಅಂಚಿನ ಬಗ್ಗೆ ಆಕೆ ಹೇಳಿದ್ದನ್ನು ಹಲವರು ಬರೆದುಕೊಂಡರು. ಸೂರ್ಯ ಆಕಾಶದಲ್ಲಿ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಬೆಳಕಿಗೆ ಅಡ್ಡ ಬಂದ ವಸ್ತುವಿಗೂ ನೆರಳು ಬಿದ್ದ ಜಾಗಕ್ಕೂ ನಡುವೆ ಒಂದೊಂದು ಮೀಟರ್ ದೂರ ಹೆಚ್ಚಿದಂತೆ ನೆರಳಿನ ಅಂಚು ಹೆಚ್ಚುಕಡಿಮೆ ಒಂದೊಂದು ಸೆಂ.ಮೀ. ಮಸುಕಾಗುತ್ತದೆ. ಚಪ್ಪಲಿಯ ಹತ್ತಿರ ಗೀರಿದಂತೆ ಚೂಪು, ಮೊಣಕಾಲಿನ ನೆರಳಿಗೆ ಬರುವಾಗ ಎರಡು ಬೆರಳಗಲದ ಮಸುಕು. ಆಕೆ ಬರೆದದ್ದು ಬುಡದಿಂದ ತುದಿಯವರೆಗೂ ಒಂದೇ ಹದದ ಮಸುಕು, ಸಾಲದ್ದಕ್ಕೆ ಶುದ್ಧ ಕಪ್ಪು. ಸಂಜೆಯ ನೆರಳಿಗೆ ಸೂರ್ಯನ ಬೆಳಕು ತಲುಪದಿದ್ದರೂ ಆಕಾಶದ ಬೆಳಕು ತಲುಪುತ್ತದೆ, ಅದರಿಂದ ನೀಲಿ ಛಾಯೆ ಬರುತ್ತದೆ. ಎಷ್ಟು ನೀಲಿ, ಎಷ್ಟು ಕಪ್ಪು ಎಂದು ಊಹಿಸಬೇಕಾಗಿಯೂ ಇರಲಿಲ್ಲ. ಅದೇ ಏರಿಯ ಮೇಲೆ ಮರವೊಂದರ ನೆರಳು ಬಿದ್ದಿತ್ತು, ಬಣ್ಣವನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದಿತ್ತು.

ಇಂಥ ಜೋಡಣೆ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದು ಎಂದುಕೊಂಡವರಿಗೆ ಆಕೆ ಎರಡು ಹಳೆಯ ಉದಾಹರಣೆ ಕೊಟ್ಟಳು. 1850ರ ದಶಕದ ಗಾಜಿನ ನೆಗೆಟಿವ್‌ಗಳ ಲೇಪನಕ್ಕೆ ನೀಲಿ ಬೆಳಕು ಬಹಳ ಬೇಗ ಹತ್ತುತ್ತಿತ್ತು. ಕಡಲಿಗೆ ಸಾಕಾಗುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶ ಬರೀ ಬಿಳಿ ಕಾಗದವಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಕೂಡಿಸಿ ಪ್ರಿಂಟ್ ಹಾಕಿದ. ಒಂದೇ ಮೋಡವನ್ನು ಬೇರೆಬೇರೆ ಕಡಲಿನ ಮೇಲೆ ಕೂರಿಸಿದ್ದೂ ಉಂಟು. 1857ರಲ್ಲಿ ಇಂಗ್ಲೆಂಡಿನಲ್ಲಿದ್ದ ಆಸ್ಕರ್ ರೇಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ‘ದಿ ಟೂ ವೇಸ್ ಆಫ್ ಲೈಫ್’ ಎಂಬ ಒಂದೇ ಚಿತ್ರ ಕಟ್ಟಿದ. ಒಂದು ಭಾಗಕ್ಕೆ ಬೆಳಕು ಕೊಡುವಾಗ ಉಳಿದದ್ದನ್ನೆಲ್ಲ ಮುಚ್ಚಬೇಕು. ಇಂದಿನ ‘ಮಾಸ್ಕ್’ ಅದೇ ಮುಚ್ಚಳ. ಲ ಗ್ರೇ ಮೋಡ ಹುಡುಕುವಾಗ ಕಡಲಿನ ಬೆಳಕಿಗೆ ಒಪ್ಪುವ ಮೋಡವನ್ನು ಹುಡುಕಬೇಕಿತ್ತು. ಕುಕ್ಕರಹಳ್ಳಿಯ ಚಿತ್ರಕ್ಕೆ ಸಂಜೆಯ ಹುಡುಗಿಯೇ ಬೇಕಿದ್ದ ಹಾಗೆ.

ಅಷ್ಟರಲ್ಲಿ ಹಿಂದಿನಿಂದ ಒಂದು ಪ್ರಶ್ನೆ ಬಂತು: ‘ಇದನ್ನ ಕಾಂಪಿಟಿಷನ್‌ಗೆ ಕಳಿಸಬಹುದಾ ಅಕ್ಕಾ?’ ಕ್ರಿಯೇಟಿವ್ ವಿಭಾಗಕ್ಕೆ ಕಳಿಸಬಹುದು, ವನ್ಯಜೀವಿ ವಿಭಾಗಕ್ಕೂ ಸುದ್ದಿಚಿತ್ರಕ್ಕೂ ಖಂಡಿತ ಇಲ್ಲ ಎಂದು ಆಕೆ ಖಡಾಖಂಡಿತವಾಗಿ ಹೇಳಿ, 2003ರ ಇರಾಕ್ ಯುದ್ಧದ ಪ್ರಕರಣವನ್ನು ನೆನಪಿಸಿದಳು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ, ಬಸ್ರಾ ಬಳಿ ಬ್ರಿಟಿಷ್ ಸೈನಿಕನೂ ನಾಗರಿಕರೂ ಇದ್ದ ಎರಡು ಚಿತ್ರಗಳನ್ನು ಕೂಡಿಸಿ ಒಂದು ಮಾಡಿ ಕಳಿಸಿದ. ಹಿನ್ನೆಲೆಯಲ್ಲಿ ಕೂತಿದ್ದ ಕೆಲವರು ಚಿತ್ರದಲ್ಲಿ ಎರಡೆರಡು ಸಲ ಕಾಣಿಸಿಕೊಂಡಿದ್ದು ಇನ್ನೊಂದು ಪತ್ರಿಕೆಯವರ ಕಣ್ಣಿಗೆ ಬಿತ್ತು. ಕೆಲಸ ಹೋಯಿತು. ಕ್ಲಬ್ಬಿನ ಪ್ರದರ್ಶನಕ್ಕೆ ಜೋಡಿಸಿದ ಚಿತ್ರ ಕೊಡುವವರು ಲೇಯರ್‌ಗಳಿರುವ ಮೂಲ ಫೈಲನ್ನೂ ಕೊಡಬೇಕು, ಶೀರ್ಷಿಕೆಯ ಕೆಳಗೆ ‘ಕಾಂಪೋಸಿಟ್’ ಎಂದು ಬರೆಯಬೇಕು ಎಂಬುದು ಈ ವರ್ಷದಿಂದ ನಿಯಮ.

ಕೊನೆಗೆ ಎರಡನೆಯ ಚಿತ್ರ ಪರದೆಗೆ ಬಂತು. ಅದೇ ಕೆರೆ, ಅದೇ ಸೀರೆ. ಈ ಸಲ ಗೆಳತಿಯನ್ನು ಸಂಜೆ ಹಾಸ್ಟೆಲಿನ ತಾರಸಿಯ ಮೇಲೆ ತೆಗೆದಿದ್ದಳು: ಲೆನ್ಸ್ 150 ಸೆಂ.ಮೀ. ಎತ್ತರದಲ್ಲಿ, ನಾಲ್ಕು ಮೀಟರ್ ದೂರದಲ್ಲಿ, ಸೂರ್ಯ ಎಡಹಿಂದೆ. ಬಿಡಿಸುವ ಕೆಲಸ ಒಂದು ಗಂಟೆಯಲ್ಲಿ ಮುಗಿದಿತ್ತು. ಕೂದಲಿನ ಅಂಚು ಮೊದಲಿನದಕ್ಕಿಂತ ಒರಟಾಗಿಯೇ ಇತ್ತು, ಆದರೆ ಯಾರೂ ಅದರ ತಂಟೆಗೆ ಹೋಗಲಿಲ್ಲ. ಚಪ್ಪಲಿಯ ಕೆಳಗೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆ, ಅಲ್ಲಿಂದ ಕ್ರಮೇಣ ಮಸುಕಾಗುತ್ತ ಚೌಕಟ್ಟಿನಾಚೆ ಹೋಗುವ ನೀಲಿಗಪ್ಪು ನೆರಳು. ಇನ್ನೂ ಒಂದು ತಪ್ಪು ಉಳಿದಿದೆ ಎಂದು ಆಕೆಯೇ ತೋರಿಸಿದಳು. ಚಿತ್ರದ ಕಡುಭಾಗಗಳನ್ನು ವಿಪರೀತ ಬೆಳಗಿಸಿದಾಗ ಏರಿಯ ಮೇಲೆಲ್ಲ ಮೊಬೈಲ್ ಚಿತ್ರದ ಕಾಳುಕಾಳು ಎದ್ದುಬಂತು. ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದ ಹುಡುಗಿ ಮಾತ್ರ ನುಣ್ಣಗೆ ಉಳಿದಳು.

ಅತಿಥಿ ಎದ್ದು, ತಾವು ಮೊದಲ ಗಂಟೆಗೆ ಹೇಳಬೇಕೆಂದಿದ್ದ ಪಾಠವನ್ನು ಸ್ವಾಗತ ಭಾಷಣವೇ ತಿಂದುಹಾಕಿದೆ ಎಂದು ನಗುತ್ತ ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದರು. ಗಂಟೆ ಹತ್ತು ನಲವತ್ತು. ಗೆಳತಿ ಬಿಸಿಲಲ್ಲಿ ನಿಂತಳು, ಇಬ್ಬರು ಹುಡುಗರು ದೈಹಿಕ ಶಿಕ್ಷಣ ವಿಭಾಗದಿಂದ ತಂದ ಟೇಪು ಹಿಡಿದು ಅವಳ ನೆರಳನ್ನು ಅಳೆದರು. ಒಂದೂವರೆ ಮೀಟರ್ ಬಂತು. ಮೂರನೆಯವನೊಬ್ಬ ಅಷ್ಟರಲ್ಲೇ ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾ ಎತ್ತಿದ್ದ. ‘ಏಳೋ, ಎದ್ದು ನಿಂತು ತೆಗಿ’ ಎಂದು ನಾಲ್ಕೈದು ಜನ ಒಟ್ಟಿಗೆ ಕೂಗಿದರು.