ಎಂಜಲು ತಟ್ಟೆಯಿಂದ ಶುರುವಾಗುವ ನಕ್ಷೆ

ಹೊಸದಾಗಿ ಹೋಟೆಲು ಹಾಕುವವರು ಸಾಮಾನ್ಯವಾಗಿ ಮೊದಲು ದೋಸೆ ಕಾವಲಿಗೆ ಜಾಗ ಗುರುತಿಸುತ್ತಾರೆ. ಆಮೇಲೆ ಇಡ್ಲಿ ಸ್ಟೀಮರ್, ಕಾಫಿ ಕೌಂಟರ್, ಗ್ರೈಂಡರ್. ಎಲ್ಲ ಮುಗಿದ ಮೇಲೆ ಎಲ್ಲೋ ಒಂದು ಮೂಲೆ ಉಳಿದಿರುತ್ತದೆ. ತಟ್ಟೆ ತೊಳೆಯುವ ಸಿಂಕು ಅಲ್ಲಿಗೆ ಹೋಗುತ್ತದೆ. ಮುಂದೆ ಆ ಅಡುಗೆಮನೆಯಲ್ಲಿ ಕಾಣುವ ತೊಂದರೆಗಳಲ್ಲಿ ಅರ್ಧದಷ್ಟು ಹುಟ್ಟುವುದು ಈ ಅನುಕ್ರಮದಿಂದಲೇ. ಒಲೆಯನ್ನು ಬೇಕಾದರೆ ನಾಳೆ ನಾಲ್ಕು ಅಡಿ ಸರಿಸಬಹುದು, ಗ್ಯಾಸ್ ಪೈಪು ಹಿಂದೆಯೇ ಬರುತ್ತದೆ. ಮೋರಿಯನ್ನು ಸರಿಸಬೇಕೆಂದರೆ ನೆಲ ಒಡೆಯಬೇಕು.

ಬೆಂಗಳೂರಿಗೆ ದರ್ಶಿನಿಯ ಮಾದರಿ ಬಂದದ್ದು 1983ರಲ್ಲಿ, ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಶುರುಮಾಡಿದ ಕೆಫೆ ದರ್ಶಿನಿಯಿಂದ. ಗಿರಾಕಿ ನಿಂತೇ ತಿನ್ನುತ್ತಾನೆ, ಅಡುಗೆ ಅವನ ಕಣ್ಣೆದುರೇ ನಡೆಯುತ್ತದೆ, ಬಡಿಸಲು ಸಪ್ಲೈಯರ್ ಇಲ್ಲ. ಇಂಥ ಚಿಕ್ಕ ಜಾಗದಲ್ಲಿ ಒಂದು ಹೆಜ್ಜೆ ತಪ್ಪಿದರೂ ಎದುರಿಗೆ ಮತ್ತೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಆದ್ದರಿಂದ ಅಡುಗೆಮನೆಯ ನಕ್ಷೆ ಹೇಗಿರಬೇಕೆಂದು ತಿಳಿಯಲು ದರ್ಶಿನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಪ್ಪತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಒಂದು ಬಾಡಿಗೆ ಮಳಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ರಸ್ತೆಯ ಕಡೆ ಮಾತ್ರ ಬಾಗಿಲು, ಹಿಂಬಾಗಿಲಿಲ್ಲ. ನಗರದ ಎಷ್ಟೋ ಮಳಿಗೆಗಳು ಹೀಗೇ ಇವೆ. ಮುಂದಿನ ಹತ್ತು ಅಡಿ ಗಿರಾಕಿಗಳಿಗೆ ಬಿಟ್ಟರೆ ಮೂವತ್ತು ಅಡಿ ಒಳಗೆ ಉಳಿಯುತ್ತದೆ. ಪಾತ್ರೆ ತೊಳೆಯುವ ಜಾಗವನ್ನು ರೂಢಿಯಂತೆ ಕಟ್ಟಕಡೆಯ ಮೂಲೆಗೆ ಇಟ್ಟರೆ ಏನಾಗುತ್ತದೆ? ಎಂಜಲು ತಟ್ಟೆ ತುಂಬಿದ ಟಬ್ ಹಿಡಿದ ಕ್ಲೀನರ್ ಕಾವಲಿಯ ಹಿಂದಿನಿಂದ, ಚಟ್ನಿ ಪಾತ್ರೆಯ ಪಕ್ಕದಿಂದ, ತರಕಾರಿ ಹೆಚ್ಚುವವರ ಮಗ್ಗುಲಿನಿಂದ ಹಾದುಹೋಗಬೇಕು. ತೊಳೆದ ತಟ್ಟೆ ಅದೇ ದಾರಿಯಲ್ಲಿ ವಾಪಸು ಬರಬೇಕು. ಟಬ್ಬಿನಿಂದ ತೊಟ್ಟಿಕ್ಕಿದ ಸಾಂಬಾರು ನೀರು ನೆಲದ ಮೇಲೆ, ಅದರ ಮೇಲೆ ಬಿಸಿ ಎಣ್ಣೆ ಹಿಡಿದವರ ಕಾಲು.

ಹಸಿ ಸಾಮಾನು ಮತ್ತು ತಯಾರಾದ ಆಹಾರ ಬೆರೆಯದಂತೆ, ಕೆಲಸ ಒಂದೇ ದಿಕ್ಕಿನಲ್ಲಿ ಸಾಗುವಂತೆ ಅಡುಗೆಮನೆ ಇರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳೂ ಹೇಳುತ್ತವೆ. ಈ ಮಳಿಗೆಯಲ್ಲಿ ಅದನ್ನು ಸಾಧಿಸಲು ತೊಳೆಯುವ ಜಾಗವನ್ನು ಹಿಂದಿನಿಂದ ಮುಂದಕ್ಕೆ ತರಬೇಕು. ಎಡಗೋಡೆಗೆ ಅಂಟಿಕೊಂಡಂತೆ, ಗಿರಾಕಿಗಳ ಜಾಗ ಮುಗಿಯುವಲ್ಲಿ, ಆರು ಅಡಿ ಅಗಲ ಹತ್ತು ಅಡಿ ಉದ್ದದ ಒಂದು ಕೋಣೆ. ರಸ್ತೆಯ ಕಡೆಗೆ ಒಂದು ಕಿಂಡಿ: ತಿಂದವರು ತಟ್ಟೆ ಬಿಡುವುದು ಅಲ್ಲಿ. ಬಲಗೋಡೆಯಲ್ಲಿ, ಬಡಿಸುವ ಕೌಂಟರಿನ ಹಿಂದೆ ತೆರೆಯುವಂತೆ, ಇನ್ನೊಂದು ಕಿಂಡಿ: ತೊಳೆದ ತಟ್ಟೆ ಹೊರಬರುವುದು ಅಲ್ಲಿ. ಒಳಗೆ ಮುಸುರೆ ಉದುರಿಸುವುದು, ಸೋಪಿನ ನೀರು, ಶುದ್ಧ ನೀರು, ಕೊನೆಗೆ ಬಿಸಿನೀರು, ಆಮೇಲೆ ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಿಸುವ ಸ್ಟ್ಯಾಂಡು. ಎಲ್ಲವೂ ಒಂದೇ ಸಾಲಿನಲ್ಲಿ. ಕ್ಲೀನರ್ ಟಬ್ ಹೊತ್ತು ಅಡುಗೆಮನೆಗೆ ಕಾಲಿಡುವ ಪ್ರಮೇಯವೇ ಇಲ್ಲ.

ಇದಕ್ಕೆ ಖರ್ಚಿದೆ. ಒಳಚರಂಡಿಯ ಸಂಪರ್ಕ ಕಟ್ಟಡದ ಹಿಂಬದಿಯಲ್ಲಿದ್ದರೆ ಇಪ್ಪತ್ತೈದು ಅಡಿ ಪೈಪು ಎಳೆಯಬೇಕು. ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟರೂ ಕೊನೆಗೆ ಮೂರು ಇಂಚು ಇಳಿಯಬೇಕು. ನೆಲ ಅಗೆಯಲು ಮಾಲೀಕರು ಒಪ್ಪದಿದ್ದರೆ ತೊಳೆಯುವ ಕೋಣೆಯ ನೆಲವನ್ನೇ ಎತ್ತರಿಸಬೇಕಾಗುತ್ತದೆ. ಎಣ್ಣೆ ಜಿಡ್ಡು ಹಿಡಿಯುವ ತೊಟ್ಟಿಯೊಂದು ನಡುವೆ ಬೇಕೇ ಬೇಕು, ಅದರ ಮುಚ್ಚಳ ತೆಗೆದು ಬಳಿಯಲು ಕೈ ಆಡುವಷ್ಟು ಜಾಗವೂ ಬೇಕು. ಕೌಂಟರಿನ ಅಗಲದಲ್ಲೂ ಆರು ಅಡಿ ಹೋಗುತ್ತದೆ. ಬಲಗೋಡೆಯ ಪಕ್ಕ ಕೆಲಸದವರ ಓಡಾಟಕ್ಕೆ ಮೂರು ಅಡಿ ಬಿಟ್ಟರೆ ಕೌಂಟರಿಗೆ ಉಳಿಯುವುದು ಹನ್ನೊಂದು ಅಡಿ. ದರ್ಶಿನಿಗೆ ಅಷ್ಟು ಸಾಕು.

ತೊಳೆಯುವುದು ನಿಧಾನವಾದರೆ ಅಡುಗೆ ನಿಧಾನವಾದಂತೆ ಕಾಣುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಬೆಳಗಿನ ಹೊತ್ತು ಗಂಟೆಗೆ 200 ಜನ ಬರುತ್ತಾರೆ, ಒಬ್ಬರಿಗೆ ಒಂದು ತಟ್ಟೆ ಎಂದಿಟ್ಟುಕೊಳ್ಳಿ. ಕೌಂಟರ್ ಬಿಟ್ಟ ತಟ್ಟೆ ಹದಿನೈದು ನಿಮಿಷಕ್ಕೆ ತೊಳೆದು ವಾಪಸಾದರೆ ಓಡಾಟದಲ್ಲಿ 50 ತಟ್ಟೆ ಇದ್ದರಾಯಿತು. ಅದೇ ಅರ್ಧ ಗಂಟೆಯಾದರೆ 100 ಬೇಕು. ಇರುವುದು 70 ಮಾತ್ರವಾದರೆ ದೋಸೆ ಕೆಂಪಗಾಗಿ ಕಾವಲಿಯ ಮೇಲೆಯೇ ಕಾಯುತ್ತದೆ. ಮಾಲೀಕರು ಭಟ್ಟರನ್ನು ಗದರುತ್ತಾರೆ, ಇನ್ನೊಂದು ಕಾವಲಿ ತರಿಸುವ ಯೋಚನೆ ಮಾಡುತ್ತಾರೆ. ದೋಸೆ ಎತ್ತುವ ಕೈ ತಟ್ಟೆಗಾಗಿ ತಡಕಾಡುತ್ತಿದೆಯೇ ಎಂದು ಹತ್ತು ನಿಮಿಷ ನಿಂತು ನೋಡಿದರೆ ಸಾಕು, ಕೊರತೆ ಎಲ್ಲಿದೆ ಎಂದು ತಿಳಿಯುತ್ತದೆ.

ಇನ್ನು ಸಾಮಾನು ಬರುವ ದಾರಿ. ಇರುವುದು ಒಂದೇ ಬಾಗಿಲು, ಗಿರಾಕಿಯೂ ಅಲ್ಲೇ, ಕೊತ್ತಂಬರಿ ಮೂಟೆಯೂ ಅಲ್ಲೇ. ಜಾಗದಲ್ಲಿ ಬೇರೆ ಮಾಡಲಾಗದ್ದನ್ನು ಹೊತ್ತಿನಲ್ಲಿ ಬೇರೆ ಮಾಡಬೇಕು. ಹಾಲು, ತರಕಾರಿ, ಬಾಳೆಎಲೆ ಎಲ್ಲ ಅಂಗಡಿ ತೆರೆಯುವ ಮೊದಲೇ ಬಂದುಬಿಡಬೇಕು. ಮೂಟೆಗಳು ಹೊಸ್ತಿಲಲ್ಲೇ ಬಿಚ್ಚಿ, ತೂಗಿ, ಕೊಳೆತದ್ದನ್ನು ಆರಿಸಿ, ಸ್ವಂತ ಕ್ರೇಟುಗಳಿಗೆ ತುಂಬಿದ ಮೇಲೆ ಬಲಗೋಡೆಯ ದಾರಿಯಲ್ಲಿ ಒಳಗೆ ಹೋಗಬೇಕು. ಗೋಣಿಚೀಲ ಮತ್ತು ರಟ್ಟಿನ ಪೆಟ್ಟಿಗೆಯ ಜೊತೆ ಜಿರಳೆ ಒಳಬರುತ್ತದೆ. ಉಗ್ರಾಣ, ಫ್ರಿಜ್ ಎರಡೂ ಹಿಂದಿನ ಬಲಮೂಲೆಯಲ್ಲಿ. ಹಾಲು 5 ಡಿಗ್ರಿಗಿಂತ ಕೆಳಗಿರಬೇಕಾದ್ದರಿಂದ ಅದು ತರಕಾರಿಗಿಂತ ಮೊದಲು ಒಳಸೇರಬೇಕು.

ಅಲ್ಲಿಂದ ಕೆಲಸವೆಲ್ಲ ಮುಂದಕ್ಕೆ ಹರಿಯುತ್ತದೆ. ಹಿಂದೆ ಗ್ರೈಂಡರ್, ತರಕಾರಿ ತೊಳೆಯಲೆಂದೇ ಪ್ರತ್ಯೇಕ ಸಿಂಕು. ನಡುವೆ ಹೆಚ್ಚುವ ಮೇಜು, ಸಾಂಬಾರಿನ ಒಲೆ. ಕೌಂಟರಿಗೆ ತಾಗಿ ಇಡ್ಲಿ ಸ್ಟೀಮರ್ ಮತ್ತು ಕಾವಲಿ. ದೋಸೆ ಹಾಕುವವರು ನಿಂತಲ್ಲೇ ತಿರುಗಿದರೆ ಹಿಟ್ಟು, ಪಲ್ಯ, ತುಪ್ಪ, ತಟ್ಟೆ ನಾಲ್ಕೂ ಕೈಗೆ ಸಿಗಬೇಕು. ಹಿಟ್ಟಿನ ದೊಡ್ಡ ಪಾತ್ರೆಯನ್ನು ಕಾವಲಿಯ ಪಕ್ಕವೇ ಇಟ್ಟರೆ ಬಿಸಿಗೆ ಅದು ಹುಳಿಯಾಗುತ್ತಾ ಹೋಗುತ್ತದೆ. ಆದ್ದರಿಂದ ಫ್ರಿಜ್ಜಿನಿಂದ ಸಣ್ಣ ಪಾತ್ರೆಯಲ್ಲಿ ಆಗಾಗ ತರಬೇಕು. ಹಾಗೆ ತರುವವರು ಕಾವಲಿಯ ಹಿಂದೆ ಉಜ್ಜಿಕೊಂಡು ಹೋಗಬಾರದೆಂದರೆ ಅಲ್ಲಿ ನಾಲ್ಕು ಅಡಿ ಬೇಕು. ಒಬ್ಬರೇ ಓಡಾಡುವಲ್ಲಿ ಮೂರು ಅಡಿ ನಡೆಯುತ್ತದೆ.

ಕಾಗದದ ಮೇಲೆ ಸರಿ ಕಂಡದ್ದು ಕಾಲಿಗೆ ಸರಿಯಿಲ್ಲದಿರಬಹುದು. ಅಮೆರಿಕದ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಅಡುಗೆಮನೆಯನ್ನು ಟೆನಿಸ್ ಅಂಗಳದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಕೆಲಸಗಾರರನ್ನು ಅದರೊಳಗೆ ಓಡಾಡಿಸಿ, ಗೆರೆಗಳನ್ನು ತಿದ್ದಿದ್ದರು. ಇಪ್ಪತ್ತು–ನಲವತ್ತರ ಮಳಿಗೆಗೆ ಒಂದು ತಾರಸಿ ಸಾಕು. ಖಾಲಿ ಪಾತ್ರೆಗಳನ್ನು ಹಿಡಿಸಿ ಭಟ್ಟರನ್ನೂ ಕ್ಲೀನರನ್ನೂ ಒಂದೇ ಹೊತ್ತಿಗೆ ನಡೆಸಿದರೆ ಎಲ್ಲಿ ಅಡ್ಡ ಬರುತ್ತಾರೆ ಎಂಬುದು ಸಿಮೆಂಟು ಕಲಸುವ ಮೊದಲೇ ಗೊತ್ತಾಗುತ್ತದೆ.

ತಾರಸಿಯ ಮೇಲೆ ಕಾಣದ ಹರಿವೊಂದಿದೆ: ಗಾಳಿಯದು. ಕಾವಲಿಯ ಮೇಲಿನ ಚಿಮಣಿ ಹೊಗೆಯನ್ನು ಹೊರಗೆ ಎಳೆದಾಗ ಅಷ್ಟೇ ಗಾಳಿ ಎಲ್ಲಿಂದಲೋ ಒಳಬರಬೇಕು. ಬೇರೆ ದಾರಿ ಇಲ್ಲದಿದ್ದರೆ ಅದು ತಟ್ಟೆಯ ಕಿಂಡಿಯಿಂದಲೇ ಬರುತ್ತದೆ, ಮುಸುರೆಯ ವಾಸನೆ ಮತ್ತು ಹಬೆಯನ್ನೂ ಹೊತ್ತು. ಚಿಮಣಿ ಹಾಕಿ ಕೌಂಟರ್ ಕಡೆಯ ಕಿಂಡಿಯ ಬಳಿ ಊದುಬತ್ತಿ ಹಿಡಿದು ನೋಡಬೇಕು. ಹೊಗೆ ತೊಳೆಯುವ ಕೋಣೆಯೊಳಗೆ ಹೋದರೆ ಸರಿ, ಅಡುಗೆಯ ಕಡೆ ವಾಲಿದರೆ ತೊಳೆಯುವ ಕೋಣೆಗೆ ಅದರದೇ ಎಕ್ಸಾಸ್ಟ್ ಫ್ಯಾನು ಬೇಕು.

ಪಾರ್ಸೆಲ್ ವಹಿವಾಟು ಹೆಚ್ಚಿದ ಮೇಲೆ ಹಳೆಯ ದರ್ಶಿನಿಗಳ ಲೆಕ್ಕ ಅಲ್ಲಲ್ಲಿ ತಪ್ಪುತ್ತಿದೆ. ಡೆಲಿವರಿ ಹುಡುಗರು ನಿಲ್ಲಲು ಜಾಗ ಗೊತ್ತುಮಾಡದಿದ್ದರೆ ಅವರು ತಟ್ಟೆ ಬಿಡುವ ಕಿಂಡಿಯ ಮುಂದೆಯೇ ಗುಂಪಾಗುತ್ತಾರೆ. ಆಗ ತಟ್ಟೆಗಳು ಮೇಜುಗಳ ಮೇಲೆಯೇ ಉಳಿದು ಹದಿನೈದು ನಿಮಿಷದ ಸುತ್ತು ಅರ್ಧ ಗಂಟೆಗೆ ಏರುತ್ತದೆ. ಈ ಮಳಿಗೆಯಲ್ಲಾದರೆ ಪೊಟ್ಟಣ ಕಟ್ಟುವ ಮೇಜನ್ನು ಕೌಂಟರಿನ ಬಲತುದಿಗೆ ಹಾಕಿ, ಅದಕ್ಕೆ ಬೇಕಾದ ಡಬ್ಬಿ–ಕವರುಗಳನ್ನು ಮೇಜಿನ ಕೆಳಗೇ ಜೋಡಿಸಬೇಕು. ಅವನ್ನು ಹಿಂದಿನ ಉಗ್ರಾಣದಲ್ಲಿ ಇಟ್ಟರೆ ಪ್ರತಿ ಪಾರ್ಸೆಲ್‌ಗೂ ಒಬ್ಬರು ಮಳಿಗೆಯ ಕೊನೆಯವರೆಗೆ ಓಡುತ್ತಾರೆ.